ಕಾಲಿಗೆ ಬಿದ್ದು ‘ನೀ’ ಅನ್ನುವ ಊರು

ವಿಜಯದಶಮಿಯ ಸಂಜೆ ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ ಕಡೆಯ ಯಾವ ಓಣಿಗೆ ಹೋದರೂ ಮನೆಗಳ ಬಾಗಿಲು ತೆರೆದೇ ಇರುತ್ತವೆ. ಊರ ಹೊರಗಿನ ಬನ್ನಿಗಿಡಕ್ಕೆ ಪೂಜೆ ಸಲ್ಲಿಸಿ, ಸೀಮೋಲ್ಲಂಘನ ಮುಗಿಸಿ ಬಂದವರು ಕಿಸೆಯಲ್ಲಿ, ಮುಷ್ಟಿಯಲ್ಲಿ, ಸೆರಗಿನ ಗಂಟಿನಲ್ಲಿ ಎಲೆ ಇಟ್ಟುಕೊಂಡು ಮನೆಯಿಂದ ಮನೆಗೆ ನಡೆಯುತ್ತಾರೆ. ಕತ್ತಲಾಗುವ ಹೊತ್ತಿಗೆ ಒಬ್ಬೊಬ್ಬರೂ ಹತ್ತಾರು ಜನರಿಗೆ ಬನ್ನಿ ಕೊಟ್ಟಿರುತ್ತಾರೆ, ಹತ್ತಾರು ಜನರಿಂದ ಇಸಿದುಕೊಂಡಿರುತ್ತಾರೆ. ಕೊಡುವ ಎಲೆ ಎಲ್ಲರಿಗೂ ಒಂದೇ. ಬಂಗಾರದಂತೆ ಇರೋಣ ಎಂಬ ಹಾರೈಕೆಯೂ ಒಂದೇ. ಆದರೆ ಎಂಬತ್ತು ದಾಟಿದ ಅಜ್ಜನಿಗೆ ಕೊಡುವ ರೀತಿ ಬೇರೆ, ಜೊತೆಗೆ ಗೋಲಿ ಆಡಿ ಬೆಳೆದ ಗೆಳೆಯನಿಗೆ ಕೊಡುವ ರೀತಿ ಬೇರೆ. ಹಿರಿಯ ಬಂಧುವನ್ನು ಹೇಗೆ ಮಾತಾಡಿಸಬೇಕು, ಓರಗೆಯವರನ್ನು ಹೇಗೆ ಮಾತಾಡಿಸಬೇಕು ಎಂದು ತಿಳಿಯಬೇಕಾದವರಿಗೆ ಈ ಒಂದು ಸಂಜೆಯೇ ಸಾಕು. ಎರಡೂ ಬಗೆಯ ನಮಸ್ಕಾರ ಅಲ್ಲಿ ಅಕ್ಕಪಕ್ಕದಲ್ಲೇ ನಡೆಯುತ್ತವೆ.

ಎಲೆಯನ್ನು ಮೊದಲು ನೋಡಬೇಕು. ಬನ್ನಿ ಅಂದರೆ ಶಮೀವೃಕ್ಷ. ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧಗಳನ್ನು ಬಚ್ಚಿಟ್ಟದ್ದು ಈ ಮರದಲ್ಲಿ ಎಂಬ ಮಹಾಭಾರತದ ಕಥೆ ಎಲ್ಲರಿಗೂ ಗೊತ್ತು. ಎಲೆ ತೀರ ಸಣ್ಣದು. ಸಪೂರ ಕಡ್ಡಿಯ ಎರಡೂ ಬದಿಗೆ ಅಕ್ಕಿಕಾಳಿನಷ್ಟು ಪುಟ್ಟ ಎಲೆಗಳು ಸಾಲಾಗಿರುತ್ತವೆ, ಟೊಂಗೆಯಲ್ಲಿ ಮುಳ್ಳಿರುತ್ತದೆ. ಮುರಿದ ಮೇಲೆ ಬೇಗ ಬಾಡಿ ಉದುರುವುದರಿಂದ ಕಡ್ಡಿ ಸಮೇತ ಕೊಡುವುದೇ ರೂಢಿ. ಮಹಾರಾಷ್ಟ್ರದ ಗಡಿಯ ಕಡೆ ಇಬ್ಭಾಗವಾದಂತೆ ಕಾಣುವ ಅಗಲ ಎಲೆಯ ಆಪಟಾವನ್ನು ಕೊಡುವವರೂ ಇದ್ದಾರೆ. ಎಲೆ ಯಾವುದಾದರೂ ಆಗಲಿ, ಬಂಗಾರ ಎಂದೇ ಅದಕ್ಕೆ ಹೆಸರು.

ಈಗ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಧಾರವಾಡದ ಹತ್ತಿರದ ಒಂದು ಹಳ್ಳಿ. ಬೆಂಗಳೂರಿನಲ್ಲಿ ನೌಕರಿ ಮಾಡುವ ಮೊಮ್ಮಗ ಹಬ್ಬಕ್ಕೆ ಬಂದಿದ್ದಾನೆ. ಬನ್ನಿ ತಂದವನು ಮೊದಲು ಜಗಲಿಯ ಮೇಲಿನ ದೇವರಿಗೆ ಇಡುತ್ತಾನೆ. ಅಲ್ಲಿಂದ ನೇರ ಹೋಗಬೇಕಾದದ್ದು ಮನೆಯ ಅತಿ ಹಿರಿಯರ ಹತ್ತಿರ. ಪಡಸಾಲೆಯಲ್ಲಿ ಅಪ್ಪನೂ ಕಾಕಾನೂ ಎದುರಿಗೇ ಕುಳಿತಿದ್ದರೂ, ಒಳಗೆ ಅಜ್ಜ ಇದ್ದಾನೆ ಎಂದರೆ ಮೊದಲ ಬನ್ನಿ ಅಜ್ಜನಿಗೆ. ಈ ಅನುಕ್ರಮ ತಪ್ಪಿದರೆ ಯಾರೂ ಬಾಯಿಬಿಟ್ಟು ಬೈಯುವುದಿಲ್ಲ. “ಅಜ್ಜಗ ಕೊಟ್ಟಿ ಏನಪಾ?” ಎಂದು ಕಾಕಾ ಕೈ ಹಿಂದೆ ಎಳೆದುಕೊಳ್ಳುತ್ತಾನೆ, ಅಷ್ಟೆ.

ಅಜ್ಜನ ಮುಂದೆ ಹೋಗುವ ಮೊದಲೇ ಕಾಲಲ್ಲಿ ಚಪ್ಪಲಿ ಇರಬಾರದು. ಟೋಪಿ, ರುಮಾಲು ಇದ್ದರೆ ತೆಗೆಯಬೇಕಾಗಿಲ್ಲ. ಇಲ್ಲಿ ತಲೆಯ ಮೇಲೆ ಬಟ್ಟೆ ಇರುವುದೇ ಮರ್ಯಾದೆ, ಹೆಣ್ಣುಮಕ್ಕಳಾದರೆ ಸೆರಗು ತಲೆಗೆ ಬರುತ್ತದೆ. ಮೊದಲು ಸಂಬಂಧ ಹಿಡಿದು ಕರೆಯುವುದು: “ಅಜ್ಜಾರ.” ವಿಜಯಪುರ, ಕಲಬುರಗಿ ಕಡೆಯ ಮನೆಯಾದರೆ “ಮುತ್ಯಾ.” ಹೆಸರು ನಾಲಗೆಗೆ ಬರುವ ಹಾಗಿಲ್ಲ. ಆಮೇಲೆ ಬಲಗೈಯಲ್ಲಿ ಎಲೆ ಹಿಡಿದು, ಎಡಗೈ ಜೋಡಿಸಿ, “ಬನ್ನಿ ತಗೋರಿ, ಬಂಗಾರದಂಗ ಇರೂಣ್ರಿ” ಎಂದು ಅಜ್ಜನ ಅಂಗೈಗೆ ಇಡುವುದು. ಇಟ್ಟ ಕೂಡಲೇ ಬಗ್ಗಿ ಎರಡೂ ಕೈಯಿಂದ ಪಾದ ಮುಟ್ಟಿ, ಆ ಕೈಯನ್ನು ಹಣೆಗೋ ಕಣ್ಣಿಗೋ ಒತ್ತಿಕೊಳ್ಳುವುದು. ಹಬ್ಬದ ದಿನವಾದ್ದರಿಂದ ಹಲವು ಮನೆಗಳಲ್ಲಿ ಇಷ್ಟಕ್ಕೆ ಮುಗಿಯುವುದಿಲ್ಲ. ಗಂಡುಮಕ್ಕಳು ಮೈಚಾಚಿ ಸಾಷ್ಟಾಂಗ ಹಾಕುತ್ತಾರೆ, ಹೆಣ್ಣುಮಕ್ಕಳು ಮೊಣಕಾಲೂರಿ ಹಣೆಯನ್ನು ನೆಲಕ್ಕೆ ಹಚ್ಚುತ್ತಾರೆ.

ಬಗ್ಗಿದವನು ತಾನಾಗಿ ಮೇಲೇಳುವುದಿಲ್ಲ ಎಂಬುದನ್ನು ಗಮನಿಸಬೇಕು. ಅಜ್ಜನ ಕೈ ತಲೆಯ ಮೇಲೋ ಬೆನ್ನ ಮೇಲೋ ಬೀಳುವ ತನಕ ಒಂದು ಗಳಿಗೆ ತಡೆಯುತ್ತಾನೆ. “ಬಂಗಾರದಂಗ ಬಾಳಪಾ, ಆಯುಷ್ಯ ಆಗ್ಲಿ, ಚೊಲೋ ಆಗ್ಲಿ” ಎಂಬ ಮಾತು ಬಂದ ಮೇಲೆಯೇ ಏಳುವುದು. ಇಲ್ಲಿ ನಮಸ್ಕಾರ ಅಂದರೆ ಕಿರಿಯನೊಬ್ಬನ ಕೆಲಸವಲ್ಲ. ಅರ್ಧ ಅವನದು, ಇನ್ನರ್ಧ ಹಿರಿಯರದು. ಪಾದ ಮುಟ್ಟಿದ ಕೂಡಲೇ ಸಟಕ್ಕನೆ ಎದ್ದು ಹಿಂದಿರುಗಿದರೆ ಅಜ್ಜನ ಕೈ ಗಾಳಿಯಲ್ಲೇ ಉಳಿಯುತ್ತದೆ, ಆಶೀರ್ವಾದ ಬೆನ್ನಿಗೆ ಹೇಳಬೇಕಾಗುತ್ತದೆ. ಅವಸರದ ನಮಸ್ಕಾರದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಎಡವುವುದು ಈ ಗಳಿಗೆಯಲ್ಲೇ.

ಅಲ್ಲಿಂದ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತ ಅಜ್ಜಿಯ ಹತ್ತಿರ. ಈ ಕಡೆ ಅಜ್ಜಿಯನ್ನು ಅನೇಕ ಮನೆಗಳಲ್ಲಿ ಆಯಿ ಅನ್ನುತ್ತಾರೆ, ಕೆಲವು ಮನೆಗಳಲ್ಲಿ ಅಮ್ಮ. ಅದೇ ಎಲೆ, ಅದೇ ಎರಡು ಕೈ, ಪಾದಕ್ಕೆ ಅದೇ ನಮಸ್ಕಾರ. ಆದರೆ ಮಾತು ಕೇಳಿಸಿಕೊಂಡರೆ ಹೊಸಬರಿಗೆ ಗಾಬರಿಯಾಗಬಹುದು. “ಆಯೀ, ತಗೋಬೇ ಬನ್ನಿ. ಹ್ಯಾಂಗದಿ? ಗುಳಿಗಿ ತಗೊಂಡಿಲ್ಲೋ?” ಎಲ್ಲೂ ‘ನೀವು’ ಇಲ್ಲ, ‘ರೀ’ ಇಲ್ಲ. ಅಜ್ಜಿಗೆ ಅದರಿಂದ ಎಳ್ಳಷ್ಟೂ ಬೇಸರವಿಲ್ಲ. “ನನ್ನ ಬಂಗಾರ, ಎಷ್ಟ ಸೊರಗೀಯೋ” ಎಂದು ಅವಳು ಎರಡೂ ಅಂಗೈಯಿಂದ ಮೊಮ್ಮಗನ ಮುಖ ಸವರಿ, ಬೆರಳುಗಳನ್ನು ತನ್ನ ಕೆನ್ನೆಗೆ ಒತ್ತಿ ಲಟಲಟನೆ ನೆಟಿಗೆ ಮುರಿಯುತ್ತಾಳೆ. ದೃಷ್ಟಿ ತೆಗೆಯುವ ಈ ಒಂದು ಸನ್ನೆಯಲ್ಲಿ ಮೊಮ್ಮಗನ ನಮಸ್ಕಾರಕ್ಕೆ ಪೂರ್ತಿ ಉತ್ತರ ಸಿಕ್ಕಿತು.

ಹಿರಿಯರಿಗೆ ಬಹುವಚನ, ಗೆಳೆಯರಿಗೆ ಏಕವಚನ ಎಂದು ಶಾಲೆಯಲ್ಲಿ ಕಲಿಸುವ ನಿಯಮ ಈ ಹೊಸ್ತಿಲಿನಲ್ಲೇ ಸೋತುಹೋಗುತ್ತದೆ. ಕನ್ನಡಿಗರ ಮನೆಗಳಲ್ಲಿ ನಿಜವಾಗಿ ನಡೆಯುವುದು ಬೇರೆಯೇ. ಮೈ ಹೇಗೆ ಬಾಗಬೇಕು ಎಂಬುದನ್ನು ವಯಸ್ಸೂ ಸಂಬಂಧದ ಹಿರಿತನವೂ ತೀರ್ಮಾನಿಸುತ್ತವೆ. ಬಾಯಿಂದ ‘ನೀ’ ಬರಬೇಕೋ ‘ನೀವು’ ಬರಬೇಕೋ ಎಂಬುದನ್ನು ಸಲಿಗೆ ತೀರ್ಮಾನಿಸುತ್ತದೆ. ಇವೆರಡೂ ಬೇರೆ ಬೇರೆ ಲೆಕ್ಕ. ಅಜ್ಜಿಯ ವಿಷಯದಲ್ಲಿ ವಯಸ್ಸು ಹೆಚ್ಚು, ಸಲಿಗೆಯೂ ಹೆಚ್ಚು. ಹಾಗಾಗಿ ಪಾದಕ್ಕೆ ಕೈ, ಬಾಯಲ್ಲಿ ‘ನೀ’. ಅದೇ ಮನೆಯಲ್ಲಿ ಅಜ್ಜನಿಗೆ ‘ರೀ’ ಹಚ್ಚುವುದು ಅಜ್ಜನ ಮೇಲಿನ ಪ್ರೀತಿ ಕಡಿಮೆ ಎಂದಲ್ಲ, ಅವನೊಂದಿಗೆ ಒಂದಿಷ್ಟು ಅಂತರ ಇಟ್ಟುಕೊಂಡೇ ಮಾತಾಡುವ ಅಭ್ಯಾಸ ಆ ಮನೆಯಲ್ಲಿದೆ ಎಂದು. ಪಕ್ಕದ ಮನೆಯಲ್ಲಿ ಅಜ್ಜನಿಗೂ “ಅಜ್ಜಾ, ಬಾ” ಅನ್ನಬಹುದು, ಅದೂ ತಪ್ಪಲ್ಲ. ಹೆತ್ತ ತಾಯಿಯನ್ನು ‘ನೀನು’ ಅನ್ನದ ಮನೆ ಕರ್ನಾಟಕದಲ್ಲಿ ಎಲ್ಲೋ ಒಂದು ಸಿಗಬಹುದು. ಅತ್ತೆಗೆ ‘ನೀವು’ ಅನ್ನುವ ಸೊಸೆ, ತನ್ನ ಅತ್ತೆಗಿಂತ ಹಿರಿಯಳಾದ ತವರಿನ ಅಜ್ಜಿಗೆ ‘ನೀನು’ ಅನ್ನುತ್ತಾಳೆ.

ಬನ್ನಿ ಸುತ್ತುತ್ತ ಬೀಗರ ಮನೆಗೆ ಹೋದಾಗ ಇದು ಇನ್ನೂ ಚೆನ್ನಾಗಿ ಕಾಣಿಸುತ್ತದೆ. ಅಕ್ಕನನ್ನು ಕೊಟ್ಟ ಮನೆಯಲ್ಲಿ ಭಾವನ ತಮ್ಮ ಇದ್ದಾನೆ, ಈ ಮೊಮ್ಮಗನದೇ ವಯಸ್ಸು. ಅವನ ಕಾಲಿಗೆ ಬೀಳುವ ಪ್ರಶ್ನೆಯೇ ಇಲ್ಲ. ಆದರೆ “ತಗೋಲೇ” ಅನ್ನುವ ಹಾಗೂ ಇಲ್ಲ. “ಬರ್ರಿ ಬರ್ರಿ, ಬನ್ನಿ ತಗೋರಿ, ಯಾವಾಗ ಬಂದ್ರಿ ಬೆಂಗಳೂರಿಂದ?” ಎಂದು ಇಬ್ಬರೂ ‘ರೀ’ ಹಚ್ಚಿಯೇ ಮಾತಾಡುತ್ತಾರೆ. ಕೈ ಜೋಡಿಸಿ ನಮಸ್ಕಾರ, ಆಮೇಲೆ ಮೆಲ್ಲಗೆ ಒಂದು ಆಲಿಂಗನ. ಓರಗೆಯವನಾದ್ದರಿಂದ ಮೈ ಬಾಗಲಿಲ್ಲ, ಬೀಗರಾದ್ದರಿಂದ ಬಾಯಿ ಸಡಿಲಾಗಲಿಲ್ಲ. ಅಜ್ಜಿಗೆ ಮಾಡಿದ್ದಕ್ಕೆ ಇದು ತದ್ವಿರುದ್ಧ.

ಕೊನೆಗೆ ಕಟ್ಟೆಯ ಹತ್ತಿರ ಗೆಳೆಯ.

ಅಲ್ಲಿ ಮಾತು ಮೊದಲು, ಮೈ ಆಮೇಲೆ. ಇನ್ನೂ ಇಪ್ಪತ್ತು ಹೆಜ್ಜೆ ದೂರ ಇರುವಾಗಲೇ “ಏನಲೇ, ಊರಿಗೆ ಬಂದ್ರ ಒಂದ್ ಫೋನ್ ಹಚ್ಚಾಕ ಆಗೂದಿಲ್ಲೇನಲೇ?” ಎಂಬ ಕೂಗು ಬರುತ್ತದೆ. ಅಜ್ಜನನ್ನು ಹೀಗೆ ದೂರದಿಂದ ಕೂಗಿ ಮಾತಾಡಿಸುವಂತಿಲ್ಲ, ಹತ್ತಿರ ಹೋಗಿ, ಬಾಗಿ, ಆಮೇಲೆ ಮಾತು. ಗೆಳೆಯನ ಹತ್ತಿರ ಬನ್ನಿ ಕೊಡಲು ಎರಡು ಕೈ ಬೇಕಾಗಿಲ್ಲ, ಬಲಗೈ ಸಾಕು. ಎಡಗೈ ಮಾತ್ರ ಇಲ್ಲೂ ಸಲ್ಲದು. ಎಲೆ ಕೈಯಿಂದ ಕೈಗೆ ಹೋಗುವಾಗಲೇ ಹಸ್ತಲಾಘವ, ಅದರ ಹಿಂದೆಯೇ ಎದೆಗೆ ಎದೆ ಹಚ್ಚಿ ಅಪ್ಪುಗೆ, ಬೆನ್ನಿಗೊಂದು ಗುದ್ದು. ಹೆಗಲ ಮೇಲೆ ಬಿದ್ದ ಕೈ ಮಾತು ಮುಗಿಯುವವರೆಗೂ ಅಲ್ಲೇ ಇರುತ್ತದೆ. ಯಾರು ಮೊದಲು ಕೊಡಬೇಕು ಎಂಬ ನಿಯಮವೂ ಇಲ್ಲ. ಹಿರಿಯರ ಎದುರು ಕೊಡುವವನು ಯಾವಾಗಲೂ ಕಿರಿಯ, ಗೆಳೆಯರಲ್ಲಿ ಯಾರ ಕಿಸೆಗೆ ಮೊದಲು ಕೈ ಹೋಯಿತೋ ಅವನು.

‘ಲೇ’ ಎಂಬ ಒಂದಕ್ಷರದ ಬಗ್ಗೆ ಇಲ್ಲಿ ಹೇಳಲೇಬೇಕು. ಹುಬ್ಬಳ್ಳಿ-ಧಾರವಾಡದ ಗೆಳೆತನ ನಿಂತಿರುವುದೇ ಅದರ ಮೇಲೆ. ಬೆಂಗಳೂರು, ಮೈಸೂರಿನ ಹುಡುಗರು ಅದೇ ಜಾಗದಲ್ಲಿ ‘ಮಗಾ’, ‘ಗುರು’, ‘ಮಚ್ಚಾ’ ಇಡುತ್ತಾರೆ. ಮಂಡ್ಯದವರು ‘ಏನ್ಲಾ’ ಅನ್ನುತ್ತಾರೆ, ಕರಾವಳಿಯಲ್ಲಿ ‘ಮಾರಾಯ’ ಬರುತ್ತದೆ. ಹೆಣ್ಣುಮಕ್ಕಳಲ್ಲಿ ‘ಏನೇ’, ಉತ್ತರದಲ್ಲಿ ‘ಏನಬೇ’. ಈ ‘ಬೇ’ ಮಾತ್ರ ವಿಶೇಷವಾದದ್ದು. ಗೆಳತಿಗೂ ಸಲ್ಲುತ್ತದೆ, ಅವ್ವನಿಗೂ ಆಯಿಗೂ ಸಲ್ಲುತ್ತದೆ. ‘ಲೇ’ಗೆ ಆ ಭಾಗ್ಯವಿಲ್ಲ. ತುಂಬ ಸಲಿಗೆಯ ಅಜ್ಜನಿಗೂ ಯಾವ ಮೊಮ್ಮಗನೂ ‘ಲೇ’ ಅನ್ನುವುದಿಲ್ಲ. ಸಲಿಗೆ ಏಕವಚನದ ತನಕ ಕರೆದೊಯ್ಯುತ್ತದೆ, ಅದರಾಚೆಗೆ ಒಯ್ಯುವುದಿಲ್ಲ. ಪರ ಊರಿನಲ್ಲಿ ಬೆಳೆದ ಮಕ್ಕಳು ಎಡವುವ ಜಾಗ ಇದು. ಅಣ್ಣತಮ್ಮಂದಿರು ಮಾತಾಡುವುದನ್ನು ಕೇಳಿಸಿಕೊಂಡು ಅದೇ ಬಾಯಲ್ಲಿ ಕಾಕಾನಿಗೂ ‘ಏನಲೇ’ ಅಂದುಬಿಡುತ್ತಾರೆ. ಏಕವಚನ ತಪ್ಪಾಗಿರಲಿಲ್ಲ, ಬಾಲಕ್ಕೆ ಹಚ್ಚಿದ ಅಕ್ಷರ ತಪ್ಪಾಗಿತ್ತು.

ಇನ್ನೊಂದು ಬಗೆಯ ತಪ್ಪು ಇದಕ್ಕೆ ಉಲ್ಟಾ. ಮರ್ಯಾದೆ ಹೆಚ್ಚಾಗಲಿ ಎಂದು ಮೊಮ್ಮಗಳು “ಅಜ್ಜಿ, ನೀವು ಹೇಗಿದ್ದೀರಿ? ಊಟ ಮಾಡಿದಿರಾ?” ಎಂದು ಶುದ್ಧ ಪುಸ್ತಕದ ಕನ್ನಡದಲ್ಲಿ ಕೇಳುತ್ತಾಳೆ. ಅವಳ ಮನಸ್ಸಿನಲ್ಲಿ ಇರುವುದು ಗೌರವವೇ. ಅಜ್ಜಿಗೆ ಕೇಳಿಸುವುದು ಮಾತ್ರ ಬ್ಯಾಂಕಿನ ಕಿಟಕಿಯ ಆಚೆ ಕುಳಿತವರ ಮಾತಿನ ಹಾಗೆ. ಎಲ್ಲಿಯವರೆಗೆ ‘ನೀ’ ಅನ್ನುತ್ತಿದ್ದ ಮನೆಯಲ್ಲಿ ಇದ್ದಕ್ಕಿದ್ದಂತೆ ‘ನೀವು’ ಬಂದರೆ ಹಿರಿಯರು ಅದನ್ನು ಮರ್ಯಾದೆ ಎಂದು ಓದುವುದಿಲ್ಲ, ದೂರ ಸರಿದಳು ಎಂದು ಓದುತ್ತಾರೆ.

ಹಾಗೆ ಓದಲು ಕಾರಣವಿದೆ. ಕನ್ನಡದಲ್ಲಿ ಮುನಿಸು ತೋರಿಸುವ ಅತಿ ಸುಲಭದ ದಾರಿ ಬಹುವಚನ. ಎರಡು ವರ್ಷ ಊರ ಕಡೆ ತಲೆ ಹಾಕದ ಮೊಮ್ಮಗ ಬಂದು ನಿಂತಾಗ, ಯಾವಾಗಲೂ ‘ನೀ’ ಅನ್ನುವ ಅಜ್ಜ “ಓಹೋ, ಸಾಹೇಬ್ರು ಬಂದ್ರೇನು? ಬರ್ರಿ, ಕೂಡ್ರಿ” ಅನ್ನುತ್ತಾನೆ. ಆ ‘ರೀ’ ಒಂದೊಂದೂ ಚುಚ್ಚುತ್ತದೆ. ಗಂಡಹೆಂಡಿರಲ್ಲೂ, ಆಪ್ತ ಗೆಳೆಯರಲ್ಲೂ ಇದೇ. “ಏನಲೇ” ಅನ್ನುತ್ತಿದ್ದವನು “ಏನ್ರಿ, ಆರಾಮ?” ಅಂದ ಎಂದರೆ ಎಲ್ಲೋ ಏನೋ ಕೆಟ್ಟಿದೆ ಎಂದೇ ಅರ್ಥ. ಆದ್ದರಿಂದ ನಮಸ್ಕಾರ ಸರಿಯಾಯಿತೋ ಇಲ್ಲವೋ ಎಂಬುದನ್ನು ಪತ್ತೆ ಹಚ್ಚಲು ಬೇರೆ ಯಾರನ್ನೂ ಕೇಳಬೇಕಾಗಿಲ್ಲ. ಹಿರಿಯರ ಮರುಮಾತಿನ ಕ್ರಿಯಾಪದ ಕೇಳಿಸಿಕೊಂಡರೆ ಸಾಕು. “ಯಾವಾಗ ಬಂದಿ? ಉಂಡೇನು?” ಎಂದು ಬಂದರೆ ಎಲ್ಲ ನೆಟ್ಟಗಿದೆ. “ಯಾವಾಗ ಬಂದ್ರಿ?” ಎಂದು ಬಂದರೆ ಇನ್ನೊಮ್ಮೆ ಹತ್ತಿರ ಹೋಗಿ ಕಾಲು ಹಿಡಿದು, “ತಪ್ಪಾಗಿದ್ರ ಹೊಟ್ಯಾಗ ಹಾಕ್ಕೋ ಅಜ್ಜಾ” ಅನ್ನಬೇಕಾಗುತ್ತದೆ. ಬನ್ನಿಯ ಸಂಜೆ ಇದಕ್ಕೆ ಹೇಳಿ ಮಾಡಿಸಿದ್ದು. ವರ್ಷವಿಡೀ ಮಾತು ಬಿಟ್ಟವರೂ ಅಂದು ಎಲೆ ಹಿಡಿದು ಎದುರು ಬದುರಾಗುತ್ತಾರೆ. ಕಿರಿಯರು ಹಿರಿಯರ ಪಾದಕ್ಕೆ ಬಂದು ಜಗಳ ಮುಗಿಸುತ್ತಾರೆ, ಓರಗೆಯವರು ಅಪ್ಪಿಕೊಂಡು ಮುಗಿಸುತ್ತಾರೆ.

ಇದೇ ವಿಜಯದಶಮಿಯಂದು ಬಂಗಾಳದಲ್ಲಿಯೂ ದುರ್ಗೆಯ ವಿಸರ್ಜನೆಯ ನಂತರ ಕಿರಿಯರು ಹಿರಿಯರ ಪಾದ ಮುಟ್ಟುವುದು, ಓರಗೆಯ ಗಂಡಸರು ಅಪ್ಪಿಕೊಳ್ಳುವುದು ಇದೆ. ಎಲೆ ಒಂದಿಲ್ಲ ಅಷ್ಟೆ. ಕೊಡಗಿನವರಲ್ಲಿ ಕಿರಿಯರು ಹಿರಿಯರ ಪಾದವನ್ನು ಮೂರು ಸಲ ಮುಟ್ಟಿ, ಒಂದೊಂದು ಸಲವೂ ಕೈಯನ್ನು ಹಣೆಗೆ ತಂದುಕೊಳ್ಳುತ್ತಾರೆ. ಉಪನಯನವಾದ ಬ್ರಾಹ್ಮಣ ಹುಡುಗರಿಗೆ ಕಲಿಸುವ ಅಭಿವಾದನದಲ್ಲಿ ಗೋತ್ರ, ಪ್ರವರ, ಸೂತ್ರ, ಹೆಸರು ಎಲ್ಲವನ್ನೂ ಹೇಳಿಕೊಂಡು ಬಗ್ಗಬೇಕು. ಎದುರು ನಿಂತ ಹಿರಿಯರ ಬಲಪಾದವನ್ನು ಬಲಗೈಯೇ, ಎಡಪಾದವನ್ನು ಎಡಗೈಯೇ ಮುಟ್ಟಬೇಕಾದ್ದರಿಂದ ಕೈಗಳು ಒಂದರ ಮೇಲೊಂದು ಕತ್ತರಿಯಾಗುತ್ತವೆ. ಮುಸ್ಲಿಂ ಮನೆಗಳಲ್ಲಿ ಸಲಾಮ್ ಹಿರಿಯರಿಗೂ ಗೆಳೆಯರಿಗೂ ಒಂದೇ ಮಾತು. ಆದರೆ ಕಿರಿಯನೇ ಮೊದಲು ಹೇಳಬೇಕು ಎಂಬ ಕಟ್ಟಳೆ ಇದೆ, ಈದ್ ದಿನ ಅಪ್ಪಿಕೊಳ್ಳುವ ಬಿಗಿಯೂ ಓರಗೆಯವರಲ್ಲೇ ಹೆಚ್ಚು.

ಇವೆಲ್ಲವುಗಳ ನಡುವೆ ಬೇರೆಯಾಗಿ ನಿಲ್ಲುವುದು ಲಿಂಗಾಯತರ ‘ಶರಣು ಶರಣಾರ್ಥಿ’. ಕಿರಿಯನು ಹಿರಿಯನಿಗೆ ಹೇಳುವುದೂ ಅದೇ, ಹಿರಿಯನು ತಿರುಗಿ ಹೇಳುವುದೂ ಅದೇ. ಕೈ ಜೋಡಿಸುವುದು ಇಬ್ಬರೂ. 12ನೇ ಶತಮಾನದ ಶರಣರು ವಯಸ್ಸು, ಜಾತಿ, ಕಸುಬು ನೋಡದೆ ಪರಸ್ಪರ ಬಾಗುವುದನ್ನು ಒಪ್ಪಿದರು. ಮನೆಗೆ ಬಂದವರ ಕ್ಷೇಮ ಕೇಳದ, ಕುಳಿತುಕೊಳ್ಳಿ ಅನ್ನದ ಬಿಗುಮಾನದವರನ್ನು ತರಾಟೆಗೆ ತೆಗೆದುಕೊಳ್ಳುವ ವಚನವನ್ನೇ ಬಸವಣ್ಣನವರು ಬರೆದಿದ್ದಾರೆ. ಅಂದರೆ ಬಂದವರನ್ನು ಮಾತಾಡಿಸುವುದು ಅವರಿಗೆ ಬರೀ ಶಿಷ್ಟಾಚಾರದ ಸಂಗತಿ ಆಗಿರಲಿಲ್ಲ. ಹಾಗಿದ್ದೂ ಇಂದಿನ ಲಿಂಗಾಯತ ಮನೆಗಳಲ್ಲಿ ಬನ್ನಿಯ ದಿನ ಮೊಮ್ಮಕ್ಕಳು ಅಜ್ಜನ ಪಾದ ಮುಟ್ಟುತ್ತಾರೆ. ಸಮಾನರ ನಮಸ್ಕಾರವೂ ಹಿರಿಯರ ನಮಸ್ಕಾರವೂ ಒಂದೇ ಮನೆಯಲ್ಲಿ ತಕರಾರಿಲ್ಲದೆ ಇವೆ.

ವಯಸ್ಸು ಒಂದು ಹೇಳಿ, ಸಂಬಂಧ ಇನ್ನೊಂದು ಹೇಳಿದರೆ? ದೊಡ್ಡ ಕೂಡುಕುಟುಂಬಗಳಲ್ಲಿ ಅಣ್ಣನ ಮಗನಿಗಿಂತ ಎರಡು ವರ್ಷ ಚಿಕ್ಕವನಾದ ಕಾಕಾ ಇರುವುದು ಅಪರೂಪವಲ್ಲ. ಸಂಬಂಧದ ಲೆಕ್ಕದಲ್ಲಿ ಮಗ ಬಗ್ಗಬೇಕು, ವಯಸ್ಸಿನ ಲೆಕ್ಕದಲ್ಲಿ ಕಾಕಾ. ಸಾಮಾನ್ಯವಾಗಿ ನಡೆಯುವುದು ಇಷ್ಟು: ಮಗ ಬಗ್ಗಲು ಹೊರಡುತ್ತಾನೆ, ಕಾಕಾ ಅರ್ಧದಲ್ಲೇ ತೋಳು ಹಿಡಿದು ಎತ್ತಿ ಅಪ್ಪಿಕೊಳ್ಳುತ್ತಾನೆ. ಬಗ್ಗಲು ಹೊರಟದ್ದರಿಂದ ಸಂಬಂಧಕ್ಕೆ ಮರ್ಯಾದೆ ಸಂದಿತು, ತಡೆದದ್ದರಿಂದ ವಯಸ್ಸಿಗೆ ಸಂದಿತು. ಇದು ನಾಟಕದ ಹಾಗೆ ಕಂಡರೂ ಹೊರಡದೇ ಇರುವುದಕ್ಕೂ ಹೊರಟು ತಡೆಸಿಕೊಳ್ಳುವುದಕ್ಕೂ ಆ ಮನೆಯವರ ಕಣ್ಣಿಗೆ ಬಹಳ ವ್ಯತ್ಯಾಸವಿದೆ. ಮಾತಿನಲ್ಲಿ ಮಾತ್ರ ಇಬ್ಬರೂ ‘ಲೇ’ ಗೆಳೆಯರೇ.

ಪಾದ ಮುಟ್ಟುವುದಕ್ಕೆ ಒಂದಷ್ಟು ಮಿತಿಗಳಿವೆ, ಅವನ್ನು ಹಿರಿಯರೇ ಹೇಳಿಕೊಡುತ್ತಾರೆ. ಮಲಗಿದವರಿಗೆ ನಮಸ್ಕಾರ ಮಾಡಬಾರದು, ಮಲಗಿದ ಪಾದಕ್ಕೆ ಕೈಮುಗಿಯುವುದು ಹೋದವರಿಗೆ ಮಾತ್ರ ಎಂಬುದು ಹೆಚ್ಚಿನ ಮನೆಗಳ ನಂಬಿಕೆ. ಅಜ್ಜ ಹಾಸಿಗೆ ಹಿಡಿದಿದ್ದರೆ ದಿಂಬು ಕೊಟ್ಟು ಎಬ್ಬಿಸಿ ಕೂರಿಸುತ್ತಾರೆ. ಅಷ್ಟೂ ಆಗದಿದ್ದರೆ ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಳ್ಳುವುದು. ಹಿರಿಯರು ಊಟಕ್ಕೆ ಕುಳಿತಿದ್ದರೆ ಕೈ ತೊಳೆಯುವ ತನಕ ಕಾಯುವುದು. ಸೂತಕದ ಮನೆಯಲ್ಲಿ ನಮಸ್ಕಾರವೂ ಇಲ್ಲ, ಆಶೀರ್ವಾದವೂ ಇಲ್ಲ. ಅಲ್ಲಿಂದ ಹೊರಡುವಾಗ ‘ಬರ್ತೀನಿ’ ಎಂದು ಹೇಳುವಂತೆಯೂ ಇಲ್ಲ, ಸುಮ್ಮನೆ ಎದ್ದು ಹೊರಡಬೇಕು. ಬೇರೆಲ್ಲ ಕಡೆ ಇದಕ್ಕೆ ವಿರುದ್ಧ. ಹಿರಿಯರ ಎದುರು ‘ಹೋಗ್ತೀನಿ’ ಎಂಬ ಮಾತು ಬಾಯಿಗೆ ಬರಬಾರದು, “ಹೋಗಿ ಬರ್ತೀನಿ” ಅನ್ನಬೇಕು. ಗೆಳೆಯನಿಗಾದರೆ “ನಡೀತೀನ್ಲೇ, ಸಿಗೂಣು” ಸಾಕು.

ವಯಸ್ಸಾದವರ ದೇಹದ ಕಡೆಗೂ ಗಮನ ಇರಬೇಕು. ನಮಸ್ಕಾರ ಕಲಿಸುವಾಗ ಇದನ್ನು ಹೇಳಿಕೊಡುವವರು ಕಡಿಮೆ. ಕಣ್ಣು ಮಂಜಾದ, ಕಿವಿ ಮಂದವಾದ ಅಜ್ಜಿಯ ಪಾದಕ್ಕೆ ಬದಿಯಿಂದ ಬಂದು ಏಕಾಏಕಿ ಕೈ ಹಾಕಿದರೆ ಅವಳು ಬೆಚ್ಚಿ ಹಿಂದೆ ಸರಿಯುತ್ತಾಳೆ. ನಿಂತಿದ್ದರೆ ಆಯ ತಪ್ಪಿ ಬೀಳುವ ಅಪಾಯವೂ ಇದೆ. ಎದುರಿಗೆ ಬಂದು, ಮುಖ ಕಾಣುವ ಹಾಗೆ ನಿಂತು, ತಾನು ಯಾರ ಮಗ, ಯಾವ ಊರಿಂದ ಬಂದೆ ಎಂದು ಒಂದು ಮಾತು ಹೇಳಿ ಆಮೇಲೆ ಬಗ್ಗುವುದು ಒಳ್ಳೆಯದು. ಅವರು ಕುಳಿತಾಗ ಮಾಡುವುದು ಇನ್ನೂ ಒಳ್ಳೆಯದು. ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಹುಣ್ಣಾಗಿದ್ದರೆ, ಪಟ್ಟಿ ಕಟ್ಟಿದ್ದರೆ, ಪಾದದ ಮುಂದಿನ ನೆಲ ಮುಟ್ಟಿ ಕೈಯನ್ನು ಹಣೆಗೆ ತಂದುಕೊಂಡರೂ ನಮಸ್ಕಾರ ಪೂರ್ತಿಯಾಗುತ್ತದೆ. ಸೊಂಟ ನೋವಿದೆ ಎಂದು ಬಗ್ಗಲಾರದ ಐವತ್ತರ ಮಗಳು ತಾಯಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರೆ ಯಾವ ತಾಯಿಯೂ ಕಡಿಮೆಯಾಯಿತು ಅನ್ನುವುದಿಲ್ಲ. ಆದರೆ ಗಟ್ಟಿಮುಟ್ಟಾದ ಹುಡುಗ ಬೆನ್ನು ಬಗ್ಗಿಸದೆ ಮೊಣಕಾಲಿನ ತನಕ ಕೈ ಇಳಿಬಿಟ್ಟು ಮೇಲೆತ್ತಿದರೆ ಅದು ಅಜ್ಜನ ಕಣ್ಣಿಗೆ ಬೀಳದೆ ಇರುವುದಿಲ್ಲ. ಅಂಥ ಅರ್ಧ ನಮಸ್ಕಾರಕ್ಕಿಂತ ನೆಟ್ಟಗೆ ನಿಂತು ಎರಡೂ ಕೈ ಜೋಡಿಸುವುದು ಲೇಸು.

ದೂರ ಇದ್ದವರ ಪಾಡೇನು? ಹಿಂದೆ ಈ ಕೆಲಸವನ್ನು ಪತ್ರ ಮಾಡುತ್ತಿತ್ತು. ತಂದೆಗೆ ಬರೆಯುವಾಗ ‘ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರಗಳು’, ತಾಯಿಗೆ ‘ಮಾತೋಶ್ರೀಯವರಿಗೆ’, ಕಿರಿಯರಿಗೆ ‘ಚಿರಂಜೀವಿಗೆ ಆಶೀರ್ವಾದಗಳು’, ಗೆಳೆಯನಿಗೆ ‘ಪ್ರಿಯ ಮಿತ್ರ’. ಎದುರಿಗೆ ‘ನೀ’ ಅನ್ನುತ್ತಿದ್ದ ಅವ್ವನಿಗೂ ಕಾಗದದ ಮೇಲೆ ಬಹುವಚನ ಬರುತ್ತಿತ್ತು. ಪತ್ರದಲ್ಲಿ ಮೈ ಬಾಗುವಂತಿರಲಿಲ್ಲವಲ್ಲ, ಆ ಬಾಗುವಿಕೆಯನ್ನು ಅಕ್ಷರಗಳೇ ಹೊತ್ತುಕೊಳ್ಳಬೇಕಿತ್ತು. ದಸರಾ ಬಂದರೆ ಲಕೋಟೆಯೊಳಗೆ ನಾಲ್ಕು ಬನ್ನಿ ಎಲೆ, ಸಂಕ್ರಾಂತಿಗೆ ಪುಟ್ಟ ಪೊಟ್ಟಣದಲ್ಲಿ ಕುಸುರೆಳ್ಳು ಇಟ್ಟು ಕಳಿಸುತ್ತಿದ್ದವರು ಇದ್ದರು.

ಈಗ ಡಲ್ಲಾಸ್‌ನಿಂದಲೋ ದುಬೈನಿಂದಲೋ ವಿಡಿಯೊ ಕರೆ ಬರುತ್ತದೆ. ಗೆಳೆಯನಿಗೆ ಬನ್ನಿಯ ಚಿತ್ರವನ್ನು ವಾಟ್ಸ್ಯಾಪ್‌ನಲ್ಲಿ ಕಳಿಸಿ “ಬಂಗಾರದಂಗ ಇರೂಣ್ಲೇ” ಎಂದು ಬರೆದರೆ ಅವನಿಗೆ ತಲುಪುತ್ತದೆ. ಅವರ ನಡುವಿನ ವ್ಯವಹಾರದಲ್ಲಿ ಮಾತೇ ಮುಕ್ಕಾಲು ಪಾಲು. ಅದೇ ಚಿತ್ರವನ್ನು ಅಜ್ಜನಿಗೂ ತಳ್ಳಿದರೆ ತಲುಪುವುದಿಲ್ಲ. ಅವನಿಗೆ ಸಲ್ಲಬೇಕಾದದ್ದರಲ್ಲಿ ಮುಕ್ಕಾಲು ಪಾಲು ಮೈಯದು. ಅದನ್ನು ಮಾತಿಗೆ ತಿರುಗಿಸಿಯೇ ಕೊಡಬೇಕು. ಕ್ಯಾಮೆರಾ ಎದುರು ಕೈ ಜೋಡಿಸಿ, ತಲೆ ಬಾಗಿಸಿ, “ಅಜ್ಜಾರ, ನಮಸ್ಕಾರ ಮಾಡ್ತೀನ್ರಿ, ಆಶೀರ್ವಾದ ಮಾಡ್ರಿ” ಎಂದು ಬಾಯಿಬಿಟ್ಟು ಹೇಳಬೇಕು. ಎದುರಿಗಿದ್ದರೆ ಹೇಳುವ ಅಗತ್ಯವೇ ಇರದಿದ್ದ ಮಾತು ಅದು. ಆಮೇಲೆ ಅಜ್ಜ ಮೊಬೈಲಿನ ಗಾಜಿನ ಮೇಲೆ ಅಂಗೈ ಇಟ್ಟು ಹರಸುವ ತನಕ ಕರೆ ಕತ್ತರಿಸದೆ ಕಾಯಬೇಕು.

ಪರದೇಶದಲ್ಲಿ ಹುಟ್ಟಿದ ಮಕ್ಕಳನ್ನು ಮೊದಲ ಸಲ ಊರಿಗೆ ಕರೆತರುವ ತಂದೆತಾಯಿ ಸಾಮಾನ್ಯವಾಗಿ ಕಾಲು ಮುಟ್ಟುವುದನ್ನು ಮಾತ್ರ ಹೇಳಿಕೊಟ್ಟಿರುತ್ತಾರೆ. ಅದರ ಜೊತೆಗೆ ಮೂರು ಸಂಗತಿಗಳನ್ನು ಹೇಳಿಕೊಟ್ಟರೆ ಮಕ್ಕಳಿಗೆ ಬಹಳ ಸಲೀಸು. ಆ ಮನೆಯಲ್ಲಿ ಯಾರನ್ನು ಏನೆಂದು ಕರೆಯುತ್ತಾರೆ, ಅಜ್ಜ ಅಜ್ಜಿಯರಲ್ಲಿ ಯಾರಿಗೆ ‘ರೀ’ ಹಚ್ಚುತ್ತಾರೆ, ಯಾರಿಗೆ ಹಚ್ಚುವುದಿಲ್ಲ, ಬಗ್ಗಿದ ಮೇಲೆ ಎಷ್ಟು ಹೊತ್ತು ತಡೆಯಬೇಕು. ಮೊದಲ ಎರಡಕ್ಕೆ ಊರಿನಲ್ಲೇ ಬೆಳೆದ ಓರಗೆಯ ಅಣ್ಣನೋ ಅಕ್ಕನೋ ಮಾತಾಡುವುದನ್ನು ಅರ್ಧ ದಿನ ಕೇಳಿಸಿಕೊಂಡರೆ ಸಾಕು, ಯಾವ ಪುಸ್ತಕವೂ ಬೇಡ. ಮೂರನೆಯದನ್ನು ಅಜ್ಜಿಯ ಕೈಯೇ ಹೇಳುತ್ತದೆ. ಅವಳು ಭುಜ ಹಿಡಿದು ಎತ್ತಿದಾಗ ಏಳುವುದು, ಎದ್ದ ಕೂಡಲೇ ಉಂಡೀಯಾ ಇಲ್ಲವಾ ಎಂದು ಕೇಳುತ್ತಾಳೆ, ಉಂಡಿದ್ದರೂ ಇಲ್ಲ ಅನ್ನುವುದು.